ಸಿಂಕಿಂಗ್ ಫಂಡ್, ರಿಸರ್ವ್ ಫಂಡ್: ಮಹಾಸಭೆಯಲ್ಲಿ ಖಜಾಂಚಿಗೆ ಬರುವ ಪ್ರಶ್ನೆಗಳು

ಮುಂಬಯಿ, ಠಾಣೆ, ಡೊಂಬಿವಲಿ ಕಡೆಯ ಹೌಸಿಂಗ್ ಸೊಸೈಟಿಗಳ ವಾರ್ಷಿಕ ಮಹಾಸಭೆಯಲ್ಲಿ ಖಜಾಂಚಿ ಲೆಕ್ಕಪತ್ರ ಓದಲು ಎದ್ದು ನಿಂತರೆ ಎರಡು ಹೆಸರುಗಳ ಹತ್ತಿರ ಮಾತು ನಿಲ್ಲುತ್ತದೆ: ಸಿಂಕಿಂಗ್ ಫಂಡ್ ಮತ್ತು ರಿಸರ್ವ್ ಫಂಡ್. "ಎರಡೂ ನಮ್ಮದೇ ದುಡ್ಡು ತಾನೆ, ಬೇರೆ ಬೇರೆ ಯಾಕೆ?" ಎಂದು ಒಬ್ಬರಾದರೂ ಕೇಳುತ್ತಾರೆ. ಖಜಾಂಚಿ ಸಭೆಯ ಮುಂದೆ ಹೇಳಬೇಕಾದ ಉತ್ತರಗಳು ಇಲ್ಲಿವೆ. ಮಹಾರಾಷ್ಟ್ರದ ಸಹಕಾರಿ ಗೃಹ ಸೊಸೈಟಿಗಳ ಮಾದರಿ ಬೈ-ಲಾಗಳನ್ನು ಆಧಾರವಾಗಿ ಇಟ್ಟುಕೊಂಡಿದ್ದೇವೆ. ಕರ್ನಾಟಕದ ಅಪಾರ್ಟ್‌ಮೆಂಟ್‌ಗಳ ವಿಷಯ ಕೊನೆಗೆ ಬರುತ್ತದೆ.

ಸಿಂಕಿಂಗ್ ಫಂಡ್ ಅಂದರೇನು? ಹೆಸರಿನಲ್ಲೇ ಮುಳುಗುವುದು ಇದೆಯಲ್ಲ?

ಮುಳುಗುವುದು ದುಡ್ಡಲ್ಲ, ಮುಂದೆ ಬರಲಿರುವ ಹೊರೆ. ದೊಡ್ಡದೊಂದು ಋಣವನ್ನು ವರ್ಷ ವರ್ಷ ಸ್ವಲ್ಪ ಸ್ವಲ್ಪ ಎತ್ತಿಟ್ಟು ಕರಗಿಸಿಬಿಡುವ ನಿಧಿಗೆ ಲೆಕ್ಕಶಾಸ್ತ್ರದಲ್ಲಿ ಮೊದಲಿನಿಂದ ಇದ್ದ ಹೆಸರು ಇದು. ಸೊಸೈಟಿಯ ಮಟ್ಟಿಗೆ ಆ ಋಣ ಕಟ್ಟಡವೇ. ಕಾಂಕ್ರೀಟು ಹಳೆಯದಾಗುತ್ತದೆ. ಮಳೆನೀರು ಮತ್ತು ಸಮುದ್ರದ ಗಾಳಿ ಸಣ್ಣ ಬಿರುಕುಗಳಲ್ಲಿ ಇಳಿದು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತವೆ. ತುಕ್ಕು ಹಿಡಿದ ಸರಳು ಉಬ್ಬುತ್ತದೆ, ಉಬ್ಬಿದ ಸರಳು ಮೇಲಿನ ಕಾಂಕ್ರೀಟನ್ನು ಚಕ್ಕೆ ಚಕ್ಕೆಯಾಗಿ ಉದುರಿಸುತ್ತದೆ. ಪಾರ್ಕಿಂಗಿನ ಕಂಬದ ಬುಡದಲ್ಲೋ, ಬಾಲ್ಕನಿಯ ಅಡಿಯಲ್ಲೋ ಕಂದು ಗೆರೆ ಕಂಡು, ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಆ ಋಣದ ಗಡುವು ಹತ್ತಿರ ಬಂದಿದೆ ಎಂದರ್ಥ. ಅಂಥ ಭಾರೀ ದುರಸ್ತಿಗೆ, ಕಟ್ಟಡವನ್ನು ಬಲಪಡಿಸುವ ಕೆಲಸಕ್ಕೆ ಅಥವಾ ಪುನರ್ನಿರ್ಮಾಣಕ್ಕೆ ಮೀಸಲಾದದ್ದು ಸಿಂಕಿಂಗ್ ಫಂಡ್.

ಹಾಗಾದರೆ ರಿಸರ್ವ್ ಫಂಡ್?

ಅದು ಸದಸ್ಯರ ತಿಂಗಳ ಬಿಲ್ಲಿನಿಂದ ಬರುವುದಲ್ಲ. ಸೊಸೈಟಿಗೆ ಸಂಸ್ಥೆಯಾಗಿ ಬರುವ ಹಣ ಅಲ್ಲಿಗೆ ಹೋಗುತ್ತದೆ: ವರ್ಷದ ನಿವ್ವಳ ಮಿಗುತಾಯದ ಕನಿಷ್ಠ ಕಾಲು ಭಾಗ, ಹೊಸ ಸದಸ್ಯರ ಪ್ರವೇಶ ಶುಲ್ಕ, ಫ್ಲ್ಯಾಟ್ ಕೈಬದಲಾದಾಗ ಬರುವ ವರ್ಗಾವಣೆ ಶುಲ್ಕ ಮತ್ತು ಪ್ರೀಮಿಯಂ, ಇಂಥದ್ದಕ್ಕೇ ಎಂದು ಹೇಳದೆ ಕೊಟ್ಟ ದೇಣಿಗೆ.

ಒಂದು ವರ್ಷದಲ್ಲಿ 2 ಫ್ಲ್ಯಾಟ್ ಮಾರಾಟವಾದವು ಅನ್ನಿ. ಮಹಾನಗರಪಾಲಿಕೆ ಪ್ರದೇಶದಲ್ಲಿ ಪ್ರೀಮಿಯಮ್ಮಿನ ಮಿತಿ 25,000 ರೂಪಾಯಿ. ಎರಡಕ್ಕೂ ಅಷ್ಟೇ ಬಂದರೆ 50,000. ವರ್ಗಾವಣೆ ಶುಲ್ಕ ತಲಾ 500, ಪ್ರವೇಶ ಶುಲ್ಕ ತಲಾ 100, ಎರಡೂ ಸೇರಿ 1,200. ವರ್ಷದ ಮಿಗುತಾಯ 80,000 ಇದ್ದರೆ ಅದರ ಕಾಲು ಭಾಗ 20,000. ಆ ವರ್ಷ ರಿಸರ್ವ್ ಫಂಡಿಗೆ ಒಟ್ಟು 71,200 ಸೇರಬೇಕು. ಮರುವರ್ಷ ಮಾರಾಟವೇ ಆಗದಿದ್ದರೆ, ಮಿಗುತಾಯವೂ ಇಲ್ಲದಿದ್ದರೆ ಸೊನ್ನೆ. ಸಿಂಕಿಂಗ್ ಫಂಡಿಗೆ ಬರುವುದನ್ನು ಮೊದಲೇ ಎಣಿಸಿ ಹೇಳಬಹುದು, ರಿಸರ್ವ್ ಫಂಡಿಗೆ ಬರುವುದನ್ನು ಹೇಳಲಾಗದು.

ಇದನ್ನು ಸೊಸೈಟಿಯ ಆಸ್ತಿಯ ದುರಸ್ತಿ, ನಿರ್ವಹಣೆ, ಹಳೆಯದನ್ನು ಬದಲಿಸುವ ಖರ್ಚಿಗೆ ಬಳಸಬಹುದು. ಪಂಪು ಸುಟ್ಟುಹೋಯಿತು, ಕಾಂಪೌಂಡ್ ಗೋಡೆಯ ಒಂದು ಭಾಗ ಬಿತ್ತು ಎಂಬಂಥ ಸಂದರ್ಭಗಳಿಗೆ ಇದು ಆಸರೆ.

ಸಿಂಕಿಂಗ್ ಫಂಡ್ ನನ್ನ ಬಿಲ್ಲಿನಲ್ಲಿ 125, ಪಕ್ಕದವರಿಗೆ 187.50. ತಾರತಮ್ಯ ಅಲ್ಲವೇ?

ಅಲ್ಲ. ಸಿಂಕಿಂಗ್ ಫಂಡಿನ ದರವನ್ನು ಮಹಾಸಭೆ ನಿಗದಿ ಮಾಡುತ್ತದೆ, ಆದರೆ ಅದು ವರ್ಷಕ್ಕೆ ಶೇ 0.25ಕ್ಕಿಂತ ಕಡಿಮೆ ಇರುವಂತಿಲ್ಲ. ಈ ಶೇಕಡಾವಾರು ಲೆಕ್ಕ ಹಾಕುವುದು ಫ್ಲ್ಯಾಟಿನ ನಿರ್ಮಾಣ ವೆಚ್ಚದ ಮೇಲೆ, ಅಂದರೆ ಕಟ್ಟಡ ಕಟ್ಟಿದಾಗ ತಗುಲಿದ, ಆರ್ಕಿಟೆಕ್ಟ್ ಪ್ರಮಾಣೀಕರಿಸಿದ ವೆಚ್ಚದ ಮೇಲೆ. ಜಮೀನಿನ ಬೆಲೆ ಅದರಲ್ಲಿ ಸೇರುವುದಿಲ್ಲ. ನೀವು ಎಷ್ಟಕ್ಕೆ ಕೊಂಡಿರಿ, ಇವತ್ತಿನ ಮಾರುಕಟ್ಟೆ ಬೆಲೆ ಎಷ್ಟು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಡೊಂಬಿವಲಿಯಲ್ಲಿ 25 ವರ್ಷ ಹಿಂದೆ ಕಟ್ಟಿದ 32 ಫ್ಲ್ಯಾಟಿನ ಒಂದು ಸೊಸೈಟಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅದರಲ್ಲಿ 600 ಚದರಡಿಯ 24 ಫ್ಲ್ಯಾಟ್, 900 ಚದರಡಿಯ 8 ಫ್ಲ್ಯಾಟ್. ಪ್ರಮಾಣಿತ ನಿರ್ಮಾಣ ವೆಚ್ಚ ಚದರಡಿಗೆ 1,000 ರೂಪಾಯಿ. ಸಣ್ಣ ಫ್ಲ್ಯಾಟಿನ ವೆಚ್ಚ 6 ಲಕ್ಷ, ಅದರ ಶೇ 0.25 ಅಂದರೆ ವರ್ಷಕ್ಕೆ 1,500, ತಿಂಗಳಿಗೆ 125. ದೊಡ್ಡದು 9 ಲಕ್ಷ, ವರ್ಷಕ್ಕೆ 2,250, ತಿಂಗಳಿಗೆ 187.50. ಇಡೀ ಸೊಸೈಟಿಯಿಂದ ವರ್ಷಕ್ಕೆ 54,000 ರೂಪಾಯಿ. ಮುಂದಿನ ಲೆಕ್ಕಗಳಿಗೂ ಇದೇ ಸೊಸೈಟಿ.

ಸೆಕ್ಯುರಿಟಿ, ಕಸಗುಡಿಸುವವರ ಸಂಬಳದಂಥ ಸರ್ವಿಸ್ ಚಾರ್ಜು ಎಲ್ಲ ಫ್ಲ್ಯಾಟಿಗೂ ಸಮ. ಅದನ್ನು ನೋಡಿ ಸಿಂಕಿಂಗ್ ಫಂಡನ್ನೂ ಸಮನಾಗಿ ಹಂಚಿಬಿಡುವ ಕಮಿಟಿಗಳಿವೆ. ಅದು ತಪ್ಪು. ನಿರ್ಮಾಣ ವೆಚ್ಚದ ಪ್ರಮಾಣಪತ್ರ ಬಿಲ್ಡರನಿಂದ ಸಿಕ್ಕಿಲ್ಲವೆಂದರೆ ಈಗಲೂ ಆರ್ಕಿಟೆಕ್ಟರಿಂದ ಪಡೆದು ಮಹಾಸಭೆಯ ದಾಖಲೆಗೆ ಸೇರಿಸಿ.

ಬಿಲ್ಲಿನಲ್ಲಿ ಶೇ 0.75ರ ಇನ್ನೊಂದು ಸಾಲು ಕಾಣಬಹುದು. ಅದು ರಿಪೇರ್ ಫಂಡ್, ಸಾಧಾರಣ ದುರಸ್ತಿಗೆ. ಈ ಮೂರನೆಯದನ್ನು ಮರೆತವರೇ ಸಣ್ಣ ದುರಸ್ತಿಗೂ ಸಿಂಕಿಂಗ್ ಫಂಡಿಗೆ ಕೈಹಾಕುತ್ತಾರೆ.

ಎರಡೂ ಕೊನೆಗೆ ಕಟ್ಟಡಕ್ಕೇ ಖರ್ಚಾಗುವುದಾದರೆ ಒಂದೇ ಖಾತೆಯಲ್ಲಿ ಇಟ್ಟರೆ ಏನು ಕಳೆದುಹೋಗುತ್ತದೆ?

ಮೊದಲು ಕಳೆದುಹೋಗುವುದು ನ್ಯಾಯ. ಕಟ್ಟಡದಲ್ಲಿ 1ನೇ ವರ್ಷದಿಂದ 20ನೇ ವರ್ಷದವರೆಗೆ ಇದ್ದವರು ಅಷ್ಟೂ ವರ್ಷ ಅದನ್ನು ಸವೆಸಿದ್ದಾರೆ. 21ನೇ ವರ್ಷ ಬಂದವರು 25ನೇ ವರ್ಷದ ದುರಸ್ತಿಯ ಪೂರ್ತಿ ಭಾರ ಹೊರುವುದು ಸರಿಯಲ್ಲ. ಸವೆತಕ್ಕೆ ತಕ್ಕ ಪಾಲನ್ನು ಆಯಾ ವರ್ಷದವರೇ, ತಮ್ಮ ಫ್ಲ್ಯಾಟಿನ ಪ್ರಮಾಣಕ್ಕೆ ತಕ್ಕಂತೆ ಕಟ್ಟಲಿ ಎಂಬುದು ಸಿಂಕಿಂಗ್ ಫಂಡಿನ ಏರ್ಪಾಡು. ರಿಸರ್ವ್ ಫಂಡಿನಲ್ಲಿ ಈ ಪ್ರಮಾಣವಿಲ್ಲ. ಅಲ್ಲಿರುವುದು ಯಾರೋ ಫ್ಲ್ಯಾಟ್ ಕೊಂಡಾಗ ಬಂದ ಪ್ರೀಮಿಯಂ, ಒಂದು ವರ್ಷದ ಮಿಗುತಾಯ. ಎರಡನ್ನೂ ಬೆರೆಸಿದ ಮೇಲೆ ಯಾವುದು ಯಾರ ಪಾಲಿನಿಂದ ಬಂತು, ಯಾವ ಪ್ರಮಾಣದಲ್ಲಿ ಬಂತು ಎಂದು ಮತ್ತೆ ಬಿಡಿಸಲು ಆಗುವುದಿಲ್ಲ.

ಎರಡನೆಯದು ಕಾಲ. ರಿಸರ್ವ್ ಫಂಡಿನ ಅಗತ್ಯ ಈ ವರ್ಷವೋ ಮುಂದಿನ ವರ್ಷವೋ ಎದುರಾಗುತ್ತದೆ. ಸಿಂಕಿಂಗ್ ಫಂಡಿನದು 20, 25 ವರ್ಷ ದೂರದ್ದು. ಒಂದೇ ಡಬ್ಬದಲ್ಲಿಟ್ಟರೆ ಹತ್ತಿರದ ಅಗತ್ಯ ದೂರದ ಅಗತ್ಯವನ್ನು ತಿನ್ನುತ್ತದೆ. ಗೇಟಿಗೆ ಬಣ್ಣ ಹಳತಾದದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಂಬದ ಒಳಗಿನ ತುಕ್ಕು ಕಾಣುವುದಿಲ್ಲ. ಸಭೆಯಲ್ಲಿ ಯಾವತ್ತೂ ಗೆಲ್ಲುವುದು ಕಾಣುವ ಖರ್ಚೇ.

ಮೂರನೆಯದು ಅನುಮತಿ. ಸಿಂಕಿಂಗ್ ಫಂಡ್ ಮುಟ್ಟಬೇಕಾದರೆ ಆರ್ಕಿಟೆಕ್ಟ್ ಪ್ರಮಾಣಪತ್ರ ಮತ್ತು ಮಹಾಸಭೆಯ ಠರಾವು ಎರಡೂ ಬೇಕು. ರಿಸರ್ವ್ ಫಂಡಿಗೆ ಇಷ್ಟು ಬಿಗಿ ಇಲ್ಲ. ಬೆರೆತ ಹಣಕ್ಕೆ ಸಡಿಲವಾದ ನಿಯಮವೇ ಅನ್ವಯವಾಗಿಬಿಡುತ್ತದೆ.

ಬಡ್ಡಿ ಬಂದಿದೆಯಲ್ಲ, ಅದನ್ನು ಬಳಸಿ ಮೇಂಟೆನೆನ್ಸ್ ಕಡಿಮೆ ಮಾಡಬಾರದೇ?

ಸದಸ್ಯರಿಗೆ ಇಷ್ಟವಾಗುವ, ಸೊಸೈಟಿಗೆ ಅತಿ ಹೆಚ್ಚು ನಷ್ಟ ಮಾಡುವ ಸಲಹೆ ಇದು. ನಮ್ಮ ಉದಾಹರಣೆಯ ಸೊಸೈಟಿ ವರ್ಷಕ್ಕೆ 54,000ದಂತೆ 25 ವರ್ಷ ಎತ್ತಿಟ್ಟರೆ ಅಸಲು 13.5 ಲಕ್ಷ. ಬಡ್ಡಿಯನ್ನು ಪ್ರತಿ ವರ್ಷ ಮೇಂಟೆನೆನ್ಸಿಗೆ ತೆಗೆದುಕೊಂಡಿದ್ದರೆ ಕೈಯಲ್ಲಿರುವುದು ಅಷ್ಟೇ. ಅದೇ ಬಡ್ಡಿಯನ್ನು ಅಲ್ಲಿಯೇ ಬಿಟ್ಟು, ವಾರ್ಷಿಕ ಶೇ 6ರಂತೆ ಚಕ್ರಬಡ್ಡಿ ಬೆಳೆಯಲು ಬಿಟ್ಟಿದ್ದರೆ, ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯದೆ, ಸುಮಾರು 29.6 ಲಕ್ಷ.

ಈಗ ದುರಸ್ತಿಗೆ 45 ಲಕ್ಷದ ಅಂದಾಜು ಬಂತು ಅನ್ನಿ. ಬಡ್ಡಿ ಉಳಿಸಿದ ಸೊಸೈಟಿಗೆ ಕೊರತೆ 15.4 ಲಕ್ಷ. ನಿರ್ಮಾಣ ವೆಚ್ಚದ ಅನುಪಾತದಲ್ಲಿ ಹಂಚಿದರೆ ಸಣ್ಣ ಫ್ಲ್ಯಾಟಿಗೆ ಸುಮಾರು 42,800, ದೊಡ್ಡದಕ್ಕೆ ಸುಮಾರು 64,200. ಬಡ್ಡಿ ತಿಂದ ಸೊಸೈಟಿಗೆ ಕೊರತೆ 31.5 ಲಕ್ಷ. ಅಲ್ಲಿ ಸಣ್ಣ ಫ್ಲ್ಯಾಟಿಗೆ 87,500, ದೊಡ್ಡದಕ್ಕೆ 1,31,250. ಪಿಂಚಣಿಯ ಮೇಲೆ ಬದುಕುವ ಹಿರಿಯರಿರುವ ಮನೆಗೆ ಈ ವ್ಯತ್ಯಾಸ ಏನೆಂದು ಸಭೆಗೆ ಬಿಡಿಸಿ ಹೇಳಬೇಕು.

ಇನ್ನೊಂದು ವಿಷಯವೂ ಇಲ್ಲಿ ಕಾಣುತ್ತದೆ. ಶೇ 0.25 ಕನಿಷ್ಠ ದರ. ಅದು 25 ವರ್ಷ ಹಿಂದಿನ ನಿರ್ಮಾಣ ವೆಚ್ಚದ ಮೇಲಿನ ಲೆಕ್ಕ, ದುರಸ್ತಿಯ ಬಿಲ್ಲು ಬರುವುದು ಇವತ್ತಿನ ದರದಲ್ಲಿ. ಕಟ್ಟಡಕ್ಕೆ 10 ವರ್ಷ ಆಗುವ ಹೊತ್ತಿಗೆ ಶೇ 0.5ಕ್ಕೆ ಏರಿಸುವ ಠರಾವು ತರುವುದು ಒಳ್ಳೆಯದು. ಸಣ್ಣ ಫ್ಲ್ಯಾಟಿಗೆ ಅದು ತಿಂಗಳಿಗೆ ಇನ್ನೊಂದು 125 ರೂಪಾಯಿ.

ಬ್ಯಾಲೆನ್ಸ್ ಶೀಟಿನಲ್ಲಿ ಸಿಂಕಿಂಗ್ ಫಂಡ್ 29.6 ಲಕ್ಷ ಎಂದಿದೆ. ಹಣ ಇದೆ ಎಂದೇ ಅರ್ಥ ತಾನೆ?

ಇಲ್ಲ. ಇಲ್ಲಿಯೇ ಬಹಳ ಜನ ಮೋಸಹೋಗುತ್ತಾರೆ. ಎಡಗಡೆಯ ಅಂಕಿ ಸೊಸೈಟಿಯ ಹೊಣೆಯನ್ನು ಹೇಳುತ್ತದೆ, "ಈ ಕೆಲಸಕ್ಕೆ ಇಷ್ಟು ಇರಬೇಕು" ಎಂದು. ಹಣ ನಿಜವಾಗಿ ಇದೆಯೇ ಎಂದು ಹೇಳುವುದು ಬಲಗಡೆಯ ಹೂಡಿಕೆಯ ಸಾಲು. "ಸಿಂಕಿಂಗ್ ಫಂಡ್ ಠೇವಣಿ" ಎಂಬ ಪ್ರತ್ಯೇಕ ಹೆಸರಿನಲ್ಲಿ ಎಷ್ಟಿದೆ ನೋಡಿ. ಎರಡೂ ಅಂಕಿ ಹೊಂದಬೇಕು.

ಎಡಗಡೆ 29.6 ಲಕ್ಷ, ಬಲಗಡೆ 18.1 ಲಕ್ಷ ಇದೆ ಎಂದುಕೊಳ್ಳಿ. ವ್ಯತ್ಯಾಸ 11.5 ಲಕ್ಷ ಎಲ್ಲಿ ಹೋಯಿತು? ಸಭೆಯಲ್ಲಿ ಎಲ್ಲರೂ ಬಾಕಿದಾರರ ಕಡೆ ಬೆರಳು ತೋರಿಸುತ್ತಾರೆ. ಬಿಲ್ಲು ಹಾಕಿದ ಕ್ಷಣವೇ ಫಂಡಿಗೆ ಜಮಾ ಆಗುತ್ತದೆ, ಹಣ ಬರದಿದ್ದರೂ ಫಂಡ್ ಕಾಗದದ ಮೇಲೆ ಬೆಳೆಯುತ್ತದೆ, ಅದು ನಿಜ. ಆದರೆ ಫ್ಲ್ಯಾಟಿಗೆ ತಿಂಗಳಿಗೆ 125 ರೂಪಾಯಿಯ ಬಾಕಿ ಎಷ್ಟಾದೀತು? ಪುಸ್ತಕ ಬಿಡಿಸಿದರೆ ಚಿತ್ರ ಹೀಗಿರಬಹುದು: ಬಾಕಿದಾರರಿಂದ ಬರಬೇಕಾದ್ದು 40,000. ಹಿಂದೊಮ್ಮೆ ಹೊರಗೋಡೆಗೆ ಬಣ್ಣ ಬಳಿಸಲು "ತಾತ್ಕಾಲಿಕವಾಗಿ" ಮುರಿದ ಠೇವಣಿ 6.5 ಲಕ್ಷ. ಉಳಿದ 4.6 ಲಕ್ಷ ಬಡ್ಡಿ: ಪುಸ್ತಕದಲ್ಲಿ ಫಂಡಿಗೆ ಜಮಾ ಆಗಿದೆ, ಬ್ಯಾಂಕು ಮಾತ್ರ ಅದನ್ನು ಮೂರು ತಿಂಗಳಿಗೊಮ್ಮೆ ಉಳಿತಾಯ ಖಾತೆಗೆ ಹಾಕುತ್ತಾ ಬಂದಿದೆ, ಅಲ್ಲಿಂದ ಅದು ಕರೆಂಟ್ ಬಿಲ್ಲಿಗೆ, ಸಂಬಳಕ್ಕೆ ಹೋಗಿದೆ. ಯಾರೂ ಕದ್ದಿಲ್ಲ, ಆದರೂ ಹಣ ಇಲ್ಲ.

ಬಣ್ಣದ ಖರ್ಚನ್ನು ತುಂಬಿಕೊಡಲು ಠರಾವಿನಲ್ಲಿ ತಿಂಗಳ ಕಂತು ಬರೆಯಬೇಕು. ಸಣ್ಣ ಫ್ಲ್ಯಾಟಿಗೆ 500, ದೊಡ್ಡದಕ್ಕೆ 750 ಇಟ್ಟರೆ ತಿಂಗಳಿಗೆ 18,000, 36 ತಿಂಗಳಲ್ಲಿ 6.48 ಲಕ್ಷ. "ಅನುಕೂಲವಾದಾಗ ತುಂಬುವುದು" ಎಂದು ಬರೆದ ಠರಾವುಗಳಿಂದ ಹಣ ವಾಪಸ್ ಬರುವುದಿಲ್ಲ.

ಪ್ರತ್ಯೇಕವಾಗಿ ಇಡುವುದು ಅಂದರೆ ಖಜಾಂಚಿ ಪ್ರತಿ ತಿಂಗಳು ಏನು ಮಾಡಬೇಕು?

ಸಿಂಕಿಂಗ್ ಫಂಡಿಗೆ ಬೇರೆಯೇ ಉಳಿತಾಯ ಖಾತೆ ತೆರೆಯಿರಿ. ತಿಂಗಳ ವಸೂಲಿ ಮುಗಿದ ಮೇಲೆ ಆ ತಿಂಗಳು ಕೈಗೆ ಬಂದ ಸಿಂಕಿಂಗ್ ಫಂಡ್ ಮೊತ್ತವನ್ನು ಅಲ್ಲಿಗೆ ವರ್ಗಾಯಿಸಿ. ಬಿಲ್ಲು ಮಾಡಿದ ಮೊತ್ತವನ್ನಲ್ಲ, ಬಂದ ಮೊತ್ತವನ್ನು. ಮೂರು ತಿಂಗಳಿಗೊಮ್ಮೆ ಅಲ್ಲಿ ಸೇರಿದ್ದನ್ನು ಎಫ್‌ಡಿ ಮಾಡಿ. ಅರ್ಜಿ ತುಂಬುವಾಗ ಬಡ್ಡಿ ಕೈಗೆ ಬರುವ ಎಫ್‌ಡಿ ಬೇಡ, ಅಸಲಿಗೆ ಸೇರಿಕೊಳ್ಳುವ ಕ್ಯುಮುಲೇಟಿವ್ ಎಫ್‌ಡಿ ಬೇಕು ಎಂದು ಗುರುತು ಹಾಕಿ. ಮೇಲೆ ಹೇಳಿದ 4.6 ಲಕ್ಷದ ಸೋರಿಕೆ ಆ ಒಂದು ಗುರುತಿನ ತಪ್ಪಿನಿಂದ ಆದದ್ದು. ರಿಸರ್ವ್ ಫಂಡನ್ನು ವರ್ಷಾಂತ್ಯದ ಲೆಕ್ಕಪರಿಶೋಧನೆ ಮುಗಿದ ಮೇಲೆ ಒಮ್ಮೆ ಹೂಡಿದರೆ ಸಾಕು. ಪ್ರೀಮಿಯಂ ಮಾತ್ರ ಬಂದ ಕೂಡಲೇ ಹೋಗಲಿ, ಇಲ್ಲದಿದ್ದರೆ ಅದು ಸಾಧಾರಣ ಖಾತೆಯಲ್ಲಿ ಕರಗುತ್ತದೆ.

ಪ್ರತಿ ಎಫ್‌ಡಿಗೂ ರಿಜಿಸ್ಟರಿನಲ್ಲಿ ಒಂದು ಸಾಲು ಇರಲಿ: ಯಾವ ಫಂಡ್, ಬ್ಯಾಂಕ್, ರಸೀದಿ ಸಂಖ್ಯೆ, ಮೊತ್ತ, ದರ, ಮುಕ್ತಾಯದ ದಿನ. ಓವರ್‌ಡ್ರಾಫ್ಟಿಗೆ ಈ ರಸೀದಿಗಳನ್ನು ಅಡವಿಡಬೇಡಿ. ಸಾಲ ತೀರದಿದ್ದರೆ ಬ್ಯಾಂಕು ಠೇವಣಿಯನ್ನೇ ಹಿಡಿಯುತ್ತದೆ.

ಬ್ಯಾಂಕ್ ಯಾವುದಾದರೂ ಆದೀತೇ?

ಆಗದು. ಸೊಸೈಟಿಯ ನಿಧಿಯನ್ನು ಎಲ್ಲಿ ಹೂಡಬಹುದು ಎಂದು 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯ ಕಲಂ 70 ಹೇಳುತ್ತದೆ. ಶೇರು ಪೇಟೆಯಲ್ಲಿ, ಸದಸ್ಯರೊಬ್ಬರ ವ್ಯವಹಾರದಲ್ಲಿ ಹಾಕುವ ಮಾತೇ ಇಲ್ಲ. ಅನುಮತಿ ಇರುವ ಬ್ಯಾಂಕುಗಳಲ್ಲೂ ಎಲ್ಲ ಮೊಟ್ಟೆಯನ್ನು ಒಂದೇ ಬುಟ್ಟಿಯಲ್ಲಿ ಇಡಬೇಡಿ. 2019ರ ಸೆಪ್ಟೆಂಬರಿನಲ್ಲಿ ಪಂಜಾಬ್ ಆ್ಯಂಡ್ ಮಹಾರಾಷ್ಟ್ರ ಕೋ-ಆಪರೇಟಿವ್ ಬ್ಯಾಂಕಿನ ಮೇಲೆ ಆರ್‌ಬಿಐ ನಿರ್ಬಂಧ ಹೇರಿದಾಗ ಮುಂಬಯಿಯ ಅನೇಕ ಸೊಸೈಟಿಗಳ ಠೇವಣಿ ಅಲ್ಲಿ ಸಿಕ್ಕಿಕೊಂಡಿತು. ಠೇವಣಿ ವಿಮೆಯ ಮಿತಿ ಆಗ 1 ಲಕ್ಷ ಇತ್ತು, 2020ರ ಫೆಬ್ರುವರಿಯಿಂದ 5 ಲಕ್ಷ ಆಯಿತು.

ಆ 5 ಲಕ್ಷ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಎರಡೂ ಸೇರಿ. ಸಿಂಕಿಂಗ್ ಫಂಡ್ ಒಂದು ಖಾತೆ, ರಿಸರ್ವ್ ಫಂಡ್ ಇನ್ನೊಂದು ಖಾತೆ ಎಂದು ಒಂದೇ ಬ್ಯಾಂಕಿನಲ್ಲಿ ಇಟ್ಟರೆ ವಿಮೆ ಎರಡುಪಟ್ಟು ಆಗುವುದಿಲ್ಲ, ಏಕೆಂದರೆ ಎರಡಕ್ಕೂ ಠೇವಣಿದಾರ ಒಂದೇ ಸೊಸೈಟಿ. ಪ್ರತ್ಯೇಕ ಖಾತೆಯಿಂದ ಲೆಕ್ಕ ಶುದ್ಧವಾಗುತ್ತದೆ, ವಿಮೆ ಹೆಚ್ಚಬೇಕಾದರೆ ಬೇರೆ ಬ್ಯಾಂಕೇ ಬೇಕು.

ತಾರಸಿ ಸೋರುತ್ತಿದೆ. ಸಿಂಕಿಂಗ್ ಫಂಡ್ ತೆಗೆಯಬಹುದೇ? ಲಿಫ್ಟಿಗೆ? ಬಣ್ಣಕ್ಕೆ?

ಒಂದೆರಡು ಕಡೆ ಹನಿಯುತ್ತಿದ್ದು ಟೈಲ್ಸ್ ಸಂದು ತುಂಬಿದರೆ ನಿಲ್ಲುವಂತಿದ್ದರೆ ಅದು ರಿಪೇರ್ ಫಂಡಿನ ಕೆಲಸ. ನೀರು ಸ್ಲ್ಯಾಬಿನೊಳಗೆ ಇಳಿದು ಸರಳು ಕೆಡುತ್ತಿದೆ, ಹಳೆಯ ಪದರ ಕಿತ್ತು ಇಡೀ ತಾರಸಿಗೆ ವಾಟರ್‌ಪ್ರೂಫಿಂಗ್ ಆಗಬೇಕು ಎಂದು ಆರ್ಕಿಟೆಕ್ಟ್ ಭಾರೀ ದುರಸ್ತಿಯಾಗಿ ಪ್ರಮಾಣೀಕರಿಸಿದರೆ ಸಿಂಕಿಂಗ್ ಫಂಡ್ ಬಳಸಬಹುದು. ಬಣ್ಣ ಮಾತ್ರವಾದರೆ ಬೇಡ. ಕಂಬ, ತೊಲೆ ಸರಿಪಡಿಸಿದ ಮೇಲೆ ಅದೇ ಕೆಲಸದ ಭಾಗವಾಗಿ ಪ್ರಮಾಣಪತ್ರದಲ್ಲಿ ಸೇರಿದ ಬಣ್ಣದ ಮಾತು ಬೇರೆ. ಲಿಫ್ಟ್ ಯಂತ್ರ ಕಟ್ಟಡದ ಮೈಕಟ್ಟಲ್ಲ, ಅದಕ್ಕೆ ಬೇರೆ ವಂತಿಗೆ ಎತ್ತುವುದೇ ಸರಿ.

ಕ್ರಮ ಹೀಗೆ: ಮೊದಲು ಸ್ಟ್ರಕ್ಚರಲ್ ಆಡಿಟ್, ಅದರ ಮೇಲೆ ಆರ್ಕಿಟೆಕ್ಟ್ ಪ್ರಮಾಣಪತ್ರ ಮತ್ತು ಅಂದಾಜು, ಟೆಂಡರು, ಮಹಾಸಭೆಯ ಠರಾವು, ಆಮೇಲೆ ಎಫ್‌ಡಿ ಮುರಿಯುವುದು. ಮಾದರಿ ಬೈ-ಲಾ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ 3 ವರ್ಷಕ್ಕೊಮ್ಮೆ ಈ ಆಡಿಟ್ ಆಗಬೇಕು. ಹಳೆಯ ಬೈ-ಲಾ ಇಟ್ಟುಕೊಂಡಿರುವ ಸೊಸೈಟಿಗಳು ರಿಜಿಸ್ಟ್ರಾರರ ಪೂರ್ವಾನುಮತಿಯ ಮಾತು ಅದರಲ್ಲಿ ಇದೆಯೇ ಎಂದು ನೋಡಿಕೊಳ್ಳಬೇಕು. ಮಳೆ ಶುರುವಾದ ಮೇಲೆ ಗಾಬರಿಯಲ್ಲಿ ಹಣ ತೆಗೆದು ಠರಾವನ್ನು ಆಮೇಲೆ ಬರೆಯುವುದೇ ಆಡಿಟರ್ ಆಕ್ಷೇಪಕ್ಕೆ ಸಾಮಾನ್ಯ ಕಾರಣ.

ಫ್ಲ್ಯಾಟ್ ಮಾರುತ್ತಿದ್ದೇನೆ. ಕಟ್ಟಿದ ಸಿಂಕಿಂಗ್ ಫಂಡ್ ವಾಪಸ್ ಸಿಗುತ್ತದೆಯೇ?

ಇಲ್ಲ. ಕಾಯ್ದೆಯ ಕಲಂ 64ರ ಪ್ರಕಾರ ನಿವ್ವಳ ಲಾಭ ಬಿಟ್ಟು ಸೊಸೈಟಿಯ ಬೇರಾವ ನಿಧಿಯನ್ನೂ ಸದಸ್ಯರಿಗೆ ಹಂಚುವಂತಿಲ್ಲ. ನೀವು ಕಟ್ಟಿದ್ದು ಫ್ಲ್ಯಾಟಿನ ಜೊತೆ ಉಳಿಯುತ್ತದೆ. ಕೊಳ್ಳುವವರಿಗೆ ಬ್ಯಾಲೆನ್ಸ್ ಶೀಟಿನ ಎರಡೂ ಬದಿ ತೋರಿಸಿ, ತುಂಬಿದ ಫಂಡ್ ಇರುವ ಸೊಸೈಟಿಯ ಫ್ಲ್ಯಾಟಿಗೆ ಚೌಕಾಶಿಯಲ್ಲಿ ಬೆಲೆ ಇದೆ.

ಈ ಠೇವಣಿಯ ಬಡ್ಡಿಗೆ ತೆರಿಗೆ ಇದೆಯೇ?

ಸದಸ್ಯರ ವಂತಿಗೆ ಬೇರೆ, ಬ್ಯಾಂಕಿನ ಬಡ್ಡಿ ಬೇರೆ. ನಮ್ಮದೇ ಹಣ ನಮ್ಮೊಳಗೇ ಸುತ್ತುತ್ತದೆ ಎಂಬ ಪರಸ್ಪರತೆಯ ವಾದ ಬ್ಯಾಂಕ್ ಬಡ್ಡಿಗೆ ಸಲ್ಲದು ಎಂದು ಬೆಂಗಳೂರು ಕ್ಲಬ್ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಹಕಾರಿ ಸಂಘವಾಗಿ ಸಿಗಬಹುದಾದ ರಿಯಾಯಿತಿಗಳನ್ನು ಆಡಿಟರ್ ಜೊತೆ ಕೂತು ಲೆಕ್ಕ ಹಾಕಿ. ತೆರಿಗೆ ಕಟ್ಟಬೇಕಾಗಿ ಬಂದರೆ ಯಾವ ಫಂಡಿನ ಬಡ್ಡಿಯೋ ಆ ಫಂಡಿನಿಂದಲೇ ಹೋಗಲಿ.

ಸಭೆಯಲ್ಲಿ ಇದನ್ನೆಲ್ಲ ಮೂರು ನಿಮಿಷದಲ್ಲಿ ಹೇಳುವುದು ಹೇಗೆ?

ಬ್ಯಾಲೆನ್ಸ್ ಶೀಟಿನ ಪ್ರತಿಯನ್ನು ಎಲ್ಲರ ಕೈಗೂ ಕೊಟ್ಟ ಮೇಲೆ ಮಾತು ಶುರು ಮಾಡಿ. ಹೀಗೆ ಹೇಳಬಹುದು:

"ಸದಸ್ಯ ಬಂಧುಗಳೇ, ಎಡಗಡೆ ಸಿಂಕಿಂಗ್ ಫಂಡ್ ಸಾಲಿನ ಮೇಲೆ ಬೆರಳಿಡಿ. ಅದು ನೀವು ತಿಂಗಳು ತಿಂಗಳು ಕಟ್ಟಿದ್ದು, ನಿಮ್ಮ ಫ್ಲ್ಯಾಟಿನ ನಿರ್ಮಾಣ ವೆಚ್ಚಕ್ಕೆ ತಕ್ಕಂತೆ. ಕಂಬ, ತೊಲೆ, ಸ್ಲ್ಯಾಬು ಕೆಟ್ಟ ದಿನಕ್ಕೆ ಮಾತ್ರ ಅದು. ಈಗ ಬಲಗಡೆ ಅದರ ಠೇವಣಿಯ ಸಾಲು ನೋಡಿ. ಎರಡಕ್ಕೂ ಇರುವ ವ್ಯತ್ಯಾಸ ಇಷ್ಟು, ಕಾರಣ ಇವು. ಕೆಳಗಿನ ಸಾಲು ರಿಸರ್ವ್ ಫಂಡ್. ಅದು ಫ್ಲ್ಯಾಟ್ ವರ್ಗಾವಣೆಯಿಂದ, ಮಿಗುತಾಯದಿಂದ ಬಂದದ್ದು. ಪಂಪು, ಗೋಡೆಯಂಥ ಹತ್ತಿರದ ಖರ್ಚಿಗೆ ಅದನ್ನು ಕೇಳಿ, ಚರ್ಚೆ ಮಾಡೋಣ. ಮೇಲಿನ ಸಾಲನ್ನು ಮಾತ್ರ ಆರ್ಕಿಟೆಕ್ಟ್ ಸಹಿ ಇಲ್ಲದೆ ಕೇಳಬೇಡಿ."

ವ್ಯತ್ಯಾಸದ ಅಂಕಿಯನ್ನು ಖಜಾಂಚಿಯೇ ಮೊದಲು ಹೇಳಬೇಕು. ಸದಸ್ಯರೊಬ್ಬರು ಹುಡುಕಿ ಎತ್ತಿದರೆ ಉಳಿದ ಸಭೆಯೆಲ್ಲ ಅನುಮಾನದಲ್ಲೇ ಕಳೆಯುತ್ತದೆ.

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿಗೂ ಇದೇ ನಿಯಮವೇ?

ಶೇ 0.25ರ ಲೆಕ್ಕ ಮಹಾರಾಷ್ಟ್ರದ ಸಹಕಾರಿ ಗೃಹ ಸೊಸೈಟಿಗಳದ್ದು. ಕರ್ನಾಟಕದಲ್ಲಿ ಹೆಚ್ಚಿನ ಅಪಾರ್ಟ್‌ಮೆಂಟ್ ಸಂಘಗಳು 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಅಥವಾ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇರುತ್ತವೆ. ಅಲ್ಲಿ ದರ, ಬಳಕೆ ಎಲ್ಲ ಅವರವರ ಬೈ-ಲಾ ಹೇಳಿದಂತೆ. ಅಲ್ಲಿ ಹೆಚ್ಚು ಕೇಳಿಬರುವ ಮಾತು ಕಾರ್ಪಸ್ ಫಂಡ್, ಬಿಲ್ಡರ್ ಫ್ಲ್ಯಾಟ್ ಕೊಡುವಾಗ ಒಂದೇ ಸಲ ವಸೂಲು ಮಾಡಿ ಆಮೇಲೆ ಸಂಘಕ್ಕೆ ಒಪ್ಪಿಸುವ ಗಂಟು. ತಿಂಗಳು ತಿಂಗಳು ಬೆಳೆಯುವ ಸಿಂಕಿಂಗ್ ಫಂಡಿನ ಜಾಗವನ್ನು ಅದು ತುಂಬುವುದಿಲ್ಲ. ಅದರ ಬಡ್ಡಿಯನ್ನು ಮೇಂಟೆನೆನ್ಸಿಗೆ ಬಳಸುವ ರೂಢಿ ಇದ್ದರೆ ಮೇಲೆ ಹೇಳಿದ 13.5 ಮತ್ತು 29.6 ಲಕ್ಷದ ಲೆಕ್ಕವನ್ನು ನಿಮ್ಮ ಅಂಕಿ ಹಾಕಿ ಒಮ್ಮೆ ಮಾಡಿ ನೋಡಿ. ಬೈ-ಲಾದಲ್ಲಿ ಸಿಂಕಿಂಗ್ ಫಂಡಿನ ಕಲಮೇ ಇಲ್ಲದಿದ್ದರೆ, ದರ, ಹೂಡಿಕೆ, ಹಣ ತೆಗೆಯಲು ಬೇಕಾದ ಪ್ರಮಾಣಪತ್ರ ಈ ಮೂರನ್ನೂ ಬರೆದ ತಿದ್ದುಪಡಿಯನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸಲು ಈಗಲೇ ಕಾರ್ಯದರ್ಶಿಗೆ ಬರೆದುಕೊಡಿ.